ಹದಿನೈದು ಇಂಚು

ಕುಮಟೆಯಲ್ಲಿ ವಾಮನ ಶಾನಭಾಗ ಎಂಜಿನಿಯರರ ಕಚೇರಿಗೆ ಮಹಾಗಣಪತಿ ಹೆಗಡೆ ಸೇರಿದ್ದು ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ ಗೆರೆ ಎಳೆಯುವ ಕೆಲಸಕ್ಕೆ. ಮ್ಯಾಟ್ರಿಕ್ ಮುಗಿಸಿದ್ದ, ಅಕ್ಷರ ಮುತ್ತಿನಂತಿತ್ತು. ಇದ್ದ ಹಳೇ ಡ್ರಾಫ್ಟ್ಸ್‌ಮನ್ನರು ಮುಂಬಯಿಯಲ್ಲಿ ಕೆಲಸ ಸಿಕ್ಕಿ ಹೋದ ಮೇಲೆ ಇಡೀ ನಕ್ಷೆಯ ಜವಾಬ್ದಾರಿ ಅವನ ಮೇಲೆಯೇ ಬಿತ್ತು. ಶಾನಭಾಗರು ಲೆಕ್ಕ ಮಾಡಿ, ಬೀಮು ಇಷ್ಟು ದಪ್ಪ, ಒಳಗೆ ಇಷ್ಟು ಕಬ್ಬಿಣ ಎಂದು ಪೆನ್ಸಿಲಿನಲ್ಲಿ ಗೀಚಿ ಕೊಡುವರು. ಅದನ್ನು ನಕ್ಷೆ ಮಾಡಿ, ಪಕ್ಕದಲ್ಲಿ ಸರಳುಗಳ ಪಟ್ಟಿ ತಯಾರಿಸುವುದು ಹೆಗಡೆಯ ಕೆಲಸ. ಯಾವ ಗುರುತಿನ ಸರಳು, ಹೇಗೆ ಮಡಚಬೇಕು ಎಂಬ ಪುಟ್ಟ ಚಿತ್ರ, ದಪ್ಪ ಎಷ್ಟು, ಸಂಖ್ಯೆ ಎಷ್ಟು, ಕಡಿಯುವ ಉದ್ದ ಎಷ್ಟು, ತೂಕ ಎಷ್ಟು. ಆರು ವರ್ಷದಲ್ಲಿ ಅವನ ಪಟ್ಟಿಯ ಬಗ್ಗೆ ಒಂದು ದೂರು ಬಂದಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ಸಾವಿರದ ಒಂಬೈನೂರ ಅರವತ್ತಮೂರರ ಮೇ ತಿಂಗಳಲ್ಲಿ ಭಟ್ಕಳದ ಗುತ್ತಿಗೆದಾರ ತಿಮ್ಮಪ್ಪ ನಾಯ್ಕರು ಕಚೇರಿಗೆ ಬಂದರು. ತೆಂಗಿನಗುಂಡಿಯಲ್ಲಿ ಮೀನುಗಾರರ ಸಂಘಕ್ಕೆ ಕೆಳಗೆ ಗೋದಾಮು, ಮೇಲೆ ಕಚೇರಿ ಕಟ್ಟುವ ಕೆಲಸ ಅವರದು. ಕೆಳಗಿನ ಬೀಮುಗಳು ಮುಗಿದು, ಮೇಲಿನವಕ್ಕೆ ಕಬ್ಬಿಣ ಕಟ್ಟುತ್ತಿದ್ದರು. ಆಗ ಕಬ್ಬಿಣ ಸಿಗುವುದೆಂದರೆ ಸರಕಾರದ ಪರವಾನಗಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ತುಂಡಿಗೂ ಬೆಲೆ. ನಾಯ್ಕರು ಹೇಳಿದ ಸಂಗತಿ ಇಷ್ಟು: ಸರಳು ಮಡಚುವ ಸುಕ್ರ ತುಂಡು ಕಬ್ಬಿಣ ಕದ್ದಿದ್ದಾನೆ. ಕೊಟ್ಟ ಕಬ್ಬಿಣದಲ್ಲಿ ಪಟ್ಟಿಯಂತೆ ಬೀಮಿಗೆ ಹೋಗಬೇಕಾದದ್ದನ್ನು ಕಳೆದರೆ ಉಳಿಯಬೇಕಾದ ತುಂಡುಗಳ ತೂಕ ಒಂದು, ಸುಕ್ರ ತಿರುಗಿ ಒಪ್ಪಿಸಿದ ತೂಕ ಇನ್ನೊಂದು. ನೂರ ಎಂಬತ್ತು ಪೌಂಡು ಕಡಿಮೆ. ಕೇಳಿದರೆ ಅವನು ಸರಿಯಾಗಿ ಬಾಯಿಬಿಡುವುದಿಲ್ಲ. ಎರಡು ವಾರದ ಹಿಂದೆಯೇ ಅವನನ್ನು ಓಡಿಸಿ ಹೊನ್ನಾವರದ ಹಮ್ಮನ ತಂಡವನ್ನು ತಂದಾಯಿತು. ಈಗ ಪೊಲೀಸರಿಗೆ ಕೊಡಲು ಪಟ್ಟಿಯ ಪ್ರಕಾರ ಇಷ್ಟು ಉಳಿಯಬೇಕಿತ್ತು ಎಂದು ಕಚೇರಿಯ ಕಾಗದ ಬೇಕು.

ಶಾನಭಾಗರು ಹೆಗಡೆಯ ಕಡೆ ನೋಡಿದರು. ಅವನು ಪಟ್ಟಿ ತೆಗೆದು ಕೂಡಿಸಿ, ಕಳೆದು ನೋಡಿದ. ನಾಯ್ಕರು ಹೇಳಿದ್ದು ಅಂಕೆಗೆ ಅಂಕೆ ಸರಿಯಿತ್ತು. ಕಾಗದ ಬರೆದು ರುಜು ಹಾಕಿದ. ಸುಕ್ರ ಎಂಬ ಹೆಸರು ಬಿಟ್ಟರೆ ಆ ಮನುಷ್ಯನ ಮುಖ ಅವನಿಗೆ ನೆನಪಿರಲಿಲ್ಲ. ನಾಯ್ಕರ ಹೆಚ್ಚಿನ ಕೆಲಸಗಳಿಗೆ ಸರಳು ಮಡಚಿದವನು ಅವನೇ ಎಂದಷ್ಟು ಗೊತ್ತಿತ್ತು.

ನಾಲ್ಕು ದಿನ ಕಳೆದು ಶಾನಭಾಗರಿಗೆ ಕಾರವಾರದಲ್ಲಿ ಕೆಲಸ ಬಂತು. ತೆಂಗಿನಗುಂಡಿಯ ಮೇಲಿನ ಬೀಮುಗಳಿಗೆ ಮರುದಿನವೇ ಕಾಂಕ್ರೀಟು. ಮಳೆ ಬರುವುದರೊಳಗೆ ಮುಗಿಸಬೇಕೆಂದು ನಾಯ್ಕರ ಅವಸರ. ಕಬ್ಬಿಣ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಿ ಬರಲು ಶಾನಭಾಗರು ಹೆಗಡೆಯನ್ನೇ ಕಳಿಸಿದರು.

ಕುಮಟೆಯಿಂದ ಬಸ್ಸು ಹತ್ತಿ ಹೊನ್ನಾವರ, ಅಲ್ಲಿ ತಾರಿಯಲ್ಲಿ ಶರಾವತಿ ದಾಟಿ ಆಚೆ ದಡದಲ್ಲಿ ಇನ್ನೊಂದು ಬಸ್ಸು. ತೆಂಗಿನಗುಂಡಿ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ನಾಯ್ಕರು ಜಲ್ಲಿ ತರಿಸಲು ಹೋಗಿದ್ದರು. ಹಮ್ಮ ಊಟ ಮುಗಿಸಿ ಹೆಣೆದ ತೆಂಗಿನ ಗರಿಯ ಮಡ್ಲಿನ ಚಪ್ಪರದಡಿ ಎಲೆಯಡಿಕೆ ಹಾಕುತ್ತ ಕೂತಿದ್ದ. ಅವನ ಹಿಂದೆ ಕಡಿದುಳಿದ ತುಂಡು ಸರಳುಗಳ ಎರಡು ರಾಶಿ ಇದ್ದವು. ಒಂದು ಸುಕ್ರನ ಕಾಲದ್ದು, ಪೊಲೀಸರಿಗೆ ತೋರಿಸಲೆಂದು ನಾಯ್ಕರು ಬೇರೆ ಇರಿಸಿದ್ದು. ಇನ್ನೊಂದು ಹಮ್ಮನದು.

ಹೆಗಡೆ ನಿಂತು ನೋಡಿದ. ಹಮ್ಮನ ರಾಶಿಯ ತುಂಡುಗಳು ಉದ್ದ, ಸುಕ್ರನವು ಗಿಡ್ಡ. ಕದ್ದವನ ರಾಶಿ ಚಿಕ್ಕದಾಗಿರುವುದು ಸಹಜವೇ. ಆದರೆ ಸುಕ್ರನ ರಾಶಿಯಲ್ಲಿ ತುಂಡುಗಳೆಲ್ಲ ಒಂದೇ ಉದ್ದಕ್ಕೆ, ಬೆರಳಿನಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿದ್ದವು. ಅವನು ಟೇಪು ಬಿಚ್ಚಿದ. ಎರಡು ಅಡಿ ಏಳೂವರೆ ಇಂಚು. ಇನ್ನೊಂದು ತೆಗೆದ, ಅದೂ ಅಷ್ಟೇ. ಹತ್ತು ಅಳೆದ ಮೇಲೆ ಎಣಿಸತೊಡಗಿದ. ತೊಂಬತ್ತಾರು ಇದ್ದವು. ಸುಕ್ರ ಕಟ್ಟಿದ ಕೆಳಗಿನವು ಹದಿನಾರು ಬೀಮು, ಬೀಮಿಗೆ ಆರು ಮಡಚಿದ ಸರಳು, ತೊಂಬತ್ತಾರು. ಒಂದೇ ಒಂದು ತುಂಡು ಕಳೆದಿರಲಿಲ್ಲ.

ಹಮ್ಮನ ತುಂಡು ಅಳೆದ. ಮೂರು ಅಡಿ ಹತ್ತೂವರೆ ಇಂಚು. ಬಂದ ಸರಳು ಇಪ್ಪತ್ತನಾಲ್ಕು ಅಡಿಯದು, ಪಟ್ಟಿಯಲ್ಲಿ ಕಡಿಯುವ ಉದ್ದ ಇಪ್ಪತ್ತು ಅಡಿ ಒಂದೂವರೆ ಇಂಚು. ಹಮ್ಮನ ಲೆಕ್ಕ ಪಟ್ಟಿಗೆ ಸರಿ. ಸುಕ್ರ ಪ್ರತಿ ಸರಳನ್ನೂ ಹದಿನೈದು ಇಂಚು ಹೆಚ್ಚು ಉದ್ದಕ್ಕೆ ಕಡಿದಿದ್ದಾನೆ.

ಕದಿಯುವವನು ಇಡೀ ತುಂಡನ್ನೇ ಒಯ್ಯುತ್ತಾನೆ. ತೊಂಬತ್ತಾರು ತುಂಡಿನಿಂದಲೂ ಹದಿನೈದು ಹದಿನೈದು ಇಂಚು ಕೆತ್ತಿಕೊಂಡು ಹೋಗುವ ಕಳ್ಳ ಯಾವ ಊರಿನಲ್ಲಿದ್ದಾನು? ಆ ಹದಿನೈದು ಇಂಚು ಹೋಗಿರುವುದು ಬೀಮಿನ ಒಳಗೇ. ಹಾಗಾದರೆ ಎಂತಕ್ಕೆ?

ಹೆಗಡೆ ಏಣಿ ಹತ್ತಿ ಮೇಲಿನ ಸೆಂಟ್ರಿಂಗಿಗೆ, ಕಾಂಕ್ರೀಟಿಗೆಂದು ಕಟ್ಟಿದ ಹಲಗೆಯಟ್ಟಕ್ಕೆ, ಹೋದ. ಹಲಗೆಯ ತೊಟ್ಟಿಗಳಲ್ಲಿ ಹಮ್ಮನ ತಂಡ ಕಟ್ಟಿದ ಕಬ್ಬಿಣ ಬಿಸಿಲಿಗೆ ಕಾಯುತ್ತಿತ್ತು. ಒಂದೊಂದು ಬೀಮೂ ಮೂರು ಕಂಬಗಳ ಮೇಲೆ ಕೂರುವಂಥದು. ಕಂಬ ಕಂಬದ ನಡುವೆ ಬೀಮು ಕೆಳಗೆ ಜಗ್ಗುತ್ತದೆ, ಅಲ್ಲಿ ಕಬ್ಬಿಣ ಕೆಳಗಿರಬೇಕು. ನಡುಗಂಬದ ಮೇಲೆ ಹಾಗಲ್ಲ. ಅಲ್ಲಿ ಬೀಮಿನ ನೆತ್ತಿಯೇ ಬಿರಿಯಲು ನೋಡುತ್ತದೆ, ಕಬ್ಬಿಣ ಮೇಲಿರಬೇಕು. ಅದಕ್ಕೇ ಈ ಸರಳು ಒಂದು ತುದಿಯಲ್ಲಿ ಕೊಕ್ಕೆಯಾಗಿ ಬೀಮಿನ ಮೇಲ್ಭಾಗದಲ್ಲಿ ಸ್ವಲ್ಪ ಓಡಿ, ಓರೆಯಾಗಿ ಕೆಳಗಿಳಿದು, ತಳದಲ್ಲಿ ಎಂಟೂವರೆ ಅಡಿ ನಡೆದು, ಮತ್ತೆ ಓರೆಯಾಗಿ ಮೇಲೇರಿ, ನಡುಗಂಬವನ್ನು ದಾಟಿ ಆಚೆ ಮೂರೂವರೆ ಅಡಿ ಹೋಗಿ ಕೊಕ್ಕೆಯಲ್ಲಿ ಮುಗಿಯಬೇಕು. ನಕ್ಷೆಯಲ್ಲಿ ಅವನೇ ಬರೆದದ್ದು. ಹೆಗಡೆ ನಡುಗಂಬದ ಅಂಚಿಗೆ ಟೇಪು ಹಿಡಿದ. ಕೊಕ್ಕೆ ಎರಡು ಅಡಿ ಮೂರು ಇಂಚಿಗೇ ಮುಗಿದುಹೋಗಿತ್ತು. ಮುಂದಿನ ಬೀಮಿನಲ್ಲೂ ಅಷ್ಟೇ. ಹದಿನೈದು ಇಂಚು ಗಿಡ್ಡ.

ಹಮ್ಮ ಹಿಂದಿನಿಂದ ಹತ್ತಿ ಬಂದಿದ್ದ. ತನಗೆ ಏನೋ ಆರೋಪ ಬರುತ್ತದೆ ಎಂದು ಅವನಿಗೆ ಅನಿಸಿರಬೇಕು. "ಪಟ್ಟೀಲಿ ಇದ್ದಷ್ಟೇ ಕಡ್ದದ್ದು ಹೆಗ್ಡೇರೆ. ಗಿಡ್ಡ ತುದಿಯಿಂದ ಮಡ್ಚುತಾ ಹೋದ್ವಿ. ಕೊನೀಗೆ ಉಳಿದದ್ದೇ ಇಷ್ಟು" ಎಂದ.

ಹೆಗಡೆ ಬೀಮಿನ ಹಲಗೆಯ ಮೇಲೆ ಕೂತು ನೀಲಿಪ್ರತಿ ಬಿಡಿಸಿದ. ಪಟ್ಟಿಯ ಪುಟ್ಟ ಚಿತ್ರದ ಓರೆಗೆರೆಯ ಪಕ್ಕದಲ್ಲಿ ಅವನದೇ ಮುತ್ತಿನ ಅಕ್ಷರ: ಒಂದು ಅಡಿ ಆರು ಇಂಚು. ಅದು ಓರೆಯ ಉದ್ದವಲ್ಲ. ಕೆಳಗಿನಿಂದ ಮೇಲಕ್ಕೆ ಸರಳು ಏರಬೇಕಾದ ಎತ್ತರ. ಅಟ್ಟಕ್ಕೆ ಏಣಿ ಓರೆಯಾಗಿ ಇಟ್ಟರೆ ಅಟ್ಟದ ಎತ್ತರಕ್ಕಿಂತ ಏಣಿ ಉದ್ದವಿರಬೇಕೆಂಬುದು ಯಾರಿಗೆ ಗೊತ್ತಿಲ್ಲ? ಒಂದೂವರೆ ಅಡಿ ಎತ್ತರಕ್ಕೆ ಅರ್ಧ ಮೂಲೆಯ, ಎಂದರೆ ನಲವತ್ತೈದು ಡಿಗ್ರಿಯ, ಓರೆಯಲ್ಲಿ ಏರಿದರೆ ಎರಡು ಅಡಿ ಒಂದೂವರೆ ಇಂಚು ಬೇಕು. ಏಳೂವರೆ ಇಂಚು ಹೆಚ್ಚು. ಎರಡು ಓರೆಗೆ ಹದಿನೈದು.

ಹಳೇ ಡ್ರಾಫ್ಟ್ಸ್‌ಮನ್ನರ ಪಟ್ಟಿಗಳು ಅವನಿಗೆ ನೆನಪಾದವು. ಅವರೂ ಓರೆಗೆರೆಯ ಪಕ್ಕದಲ್ಲಿ ಎತ್ತರವನ್ನೇ ಬರೆಯುತ್ತಿದ್ದರು. ಆದರೆ ಕೂಡಿಸುವಾಗ ಓರೆಯ ಹೆಚ್ಚುವರಿಯನ್ನು ಬೇರೆ ಲೆಕ್ಕ ಹಾಕಿ ಸೇರಿಸಿರಬೇಕು. ಅವನು ಚಿತ್ರವನ್ನು ಕಲಿತಿದ್ದ, ಅವರ ಮನಸ್ಸಿನ ಲೆಕ್ಕವನ್ನು ಕಲಿತಿರಲಿಲ್ಲ. ಕೊಕ್ಕೆಗಳಿಗೆ ಇಂಚಿನ ಕಾಲುಭಾಗದವರೆಗೆ ಲೆಕ್ಕ ಹಿಡಿದಿದ್ದ. ಓರೆಯನ್ನು ಆರು ವರ್ಷ, ಪ್ರತಿ ಪಟ್ಟಿಯಲ್ಲಿ, ಬಿಟ್ಟಿದ್ದ.

ಆರು ವರ್ಷದ ಕಟ್ಟಡಗಳೆಲ್ಲ ಒಂದೊಂದಾಗಿ ಕಣ್ಣೆದುರು ನಿಂತವು. ಆ ಬೀಮುಗಳ ಕೆಳಗೆ ಈ ಹೊತ್ತಿನಲ್ಲಿ ಜನ ಕೂತಿದ್ದಾರೆ, ರಜೆ ಮುಗಿದರೆ ಮಕ್ಕಳು ಪಾಠಕ್ಕೆ ಕೂರುತ್ತಾರೆ. ಅವು ಯಾಕೆ ಬಿರಿದಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೆಳಗೆ ಚಪ್ಪರದಡಿ ರಾಶಿ ಬಿದ್ದಿತ್ತು.

ನಾಯ್ಕರು ಸಂಜೆಗೆ ಮುಂಚೆ ಬಂದರು. ಹೆಗಡೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಾಳೆ ಕಾಂಕ್ರೀಟು ಹಾಕಬಾರದು, ಸುಕ್ರ ಕದ್ದಿಲ್ಲ, ತಪ್ಪಿರುವುದು ಪಟ್ಟಿ. ನಾಯ್ಕರಿಗೆ ಎರಡನೆಯದಕ್ಕಿಂತ ಮೊದಲನೆಯದೇ ದೊಡ್ಡ ಪೆಟ್ಟಾಯಿತು. ಮೂವತ್ತು ಆಳುಗಳಿಗೆ ಬೆಳಿಗ್ಗೆ ಬರಲು ಹೇಳಿಯಾಗಿದೆ, ಸಿಮೆಂಟು ಬಂದಿದೆ, ಆಕಾಶ ನೋಡಿದರೆ ವಾರದಲ್ಲಿ ಮಳೆ. ಎರಡು ಅಡಿ ಮೂರು ಇಂಚು ಆಚೆ ಹೋಗಿದೆಯಲ್ಲ, ಸಾಲದೇ, ಎಂದು ಕೇಳಿದರು. ಶಾನಭಾಗರು ಹೇಳದೆ ನಿಲ್ಲಿಸಲು ನೀವು ಯಾರು ಎಂದೂ ಕೇಳಿದರು. ನಿಜವೇ, ಹೆಗಡೆ ಬರೀ ಗೆರೆ ಎಳೆಯುವವನು. ಆದರೂ ಕೆಲಸದ ಪುಸ್ತಕ ತರಿಸಿ ಅದರಲ್ಲಿ ಬರೆದ: ಸರಳುಪಟ್ಟಿಯಲ್ಲಿ ಕಡಿಯುವ ಉದ್ದ ನನ್ನಿಂದ ತಪ್ಪಾಗಿದೆ, ನಡುಗಂಬದ ಮೇಲೆ ಕಬ್ಬಿಣ ಸಾಲದು, ಎಂಜಿನಿಯರರು ನೋಡುವವರೆಗೆ ಕಾಂಕ್ರೀಟು ಹಾಕಕೂಡದು. ಕೆಳಗೆ ರುಜು ಹಾಕಿ, ದಿನ, ಹೊತ್ತು ಬರೆದು, ಪುಸ್ತಕ ನಾಯ್ಕರ ಕೈಗೆ ಕೊಟ್ಟ.

ನಾಯ್ಕರು ಅದನ್ನು ಎರಡು ಸಲ ಓದಿದರು. ಇಂಥದೊಂದು ಬರಹ ಪುಸ್ತಕದಲ್ಲಿ ಕೂತ ಮೇಲೆ ಮುಂದೆ ಏನಾದರೂ ಆದರೆ ತಲೆ ಯಾರದು ಹೋಗುತ್ತದೆಂದು ಅವರಿಗೆ ಗೊತ್ತಿತ್ತು. "ಇದನ್ನ ಬರ್ದು ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕಂಡ್ರಲ್ಲ" ಎಂದರು. ದನಿಯಲ್ಲಿ ಸಿಟ್ಟು ಇಳಿದಿತ್ತು.

ಭಟ್ಕಳದ ಅಂಚೆ ಕಚೇರಿ ಮುಚ್ಚುವುದರೊಳಗೆ ಹೆಗಡೆ ಕಾರವಾರಕ್ಕೆ ತಂತಿ ಕೊಟ್ಟ. ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿಯಲ್ಲಿ ತಂಗಿದ. ಬೆಳಗಾದ ಮೇಲೆ ದಾರಿ ಕೇಳಿಕೊಂಡು ಸುಕ್ರನ ಊರು ಮುಟ್ಟಳ್ಳಿಗೆ ನಡೆದ.

ಸುಕ್ರ ಮನೆಯಂಗಳದಲ್ಲಿ ತೆಂಗಿನ ಸಿಪ್ಪೆ ಸುಲಿಯುತ್ತಿದ್ದ. ಐವತ್ತರ ಹತ್ತಿರದ ಒಣಕಲು ಮನುಷ್ಯ. ಬಲಗೈಯ ಹೆಬ್ಬೆರಳು ಸರಳು ಬಾಗಿಸಿ ಬಾಗಿಸಿ ತಾನೇ ಹಿಂದಕ್ಕೆ ಬಾಗಿತ್ತು. ಕುಮಟೆಯ ಕಚೇರಿಯವನು ಎಂದು ತಿಳಿದ ಕೂಡಲೇ ಅವನ ಹೆಂಡತಿ ಬಂಗಾರಿ ಬಾಗಿಲಿಗೆ ಬಂದು ನಿಂತಳು. ಇನ್ನೆಂತ ಕಾಗದ ಬಂತು ಎಂದು ಕೇಳಿದಳು. ಹಿಂದಿನ ಕಾಗದವನ್ನು ನಾಯ್ಕರ ಮೇಸ್ತ್ರಿ ಊರಿನ ಚಾ ಅಂಗಡಿಯಲ್ಲಿ ನಿಂತು ಓದಿ ಹೇಳಿದ್ದನಂತೆ. ಅಂದಿನಿಂದ ಸುಕ್ರ ಆ ಅಂಗಡಿಯ ಮುಂದೆ ಹಾಯುವುದಿಲ್ಲ. ಹೊಸ ಕೆಲಸ ಯಾರೂ ಕೊಟ್ಟಿರಲಿಲ್ಲ.

ಹೆಗಡೆ ಜಗುಲಿಯ ತುದಿಯಲ್ಲಿ ಕೂತು, ತಪ್ಪು ತನ್ನದೆಂದು ಹೇಳಿದ. ಸುಕ್ರ ಕೈಯ ಕೆಲಸ ನಿಲ್ಲಿಸಲಿಲ್ಲ. ನೀನು ಉದ್ದ ಹೇಗೆ ಹಿಡಿಯುತ್ತಿದ್ದೆ ಎಂದು ಹೆಗಡೆ ಕೇಳಿದಾಗ ಮಾತ್ರ ತಲೆಯೆತ್ತಿದ. ಎದ್ದು ಹೋಗಿ ಒಲೆಯಿಂದ ಒಂದು ಇದ್ದಿಲು ತಂದು ಸೆಗಣಿ ಸಾರಿಸಿದ ಅಂಗಳದ ಮೇಲೆ ಬೀಮಿನ ಮೇಲಂಚು, ಕೆಳಂಚು ಎಳೆದ. ಅವುಗಳ ನಡುವೆ ಸರಳಿನ ಹಾದಿಯನ್ನು, ಇಳಿದದ್ದು, ಏರಿದ್ದು, ಕೊಕ್ಕೆ, ಎಲ್ಲ ಇದ್ದಷ್ಟೇ ಉದ್ದಕ್ಕೆ ಬರೆದ. ತೆಂಗಿನ ಹುರಿಯನ್ನು ಗೆರೆಯ ಮೇಲೆ ಬಾಗಿಸುತ್ತ ಒಂದು ತುದಿಯಿಂದ ಇನ್ನೊಂದಕ್ಕೆ ತಂದು, ಗಂಟು ಹಾಕಿ, ನೇರ ಹಿಡಿದು ತೋರಿಸಿದ. ಹೆಗಡೆ ಟೇಪು ಹಿಡಿದ. ಇಪ್ಪತ್ತೊಂದು ಅಡಿ ನಾಲ್ಕೂವರೆ ಇಂಚು. ಸರಿಯಾದ ಲೆಕ್ಕವೂ ಅಷ್ಟೇ.

"ಪಟ್ಟೀಲಿ ಬೇರೆ ಇತ್ತಲ್ಲ, ನಂಗೆ ಯಾಕೆ ಹೇಳ್ಲಿಲ್ಲ ಸುಕ್ರ?"

"ಮೊದಲ್ನೇ ಕೆಲ್ಸದಲ್ಲೇ ಮೇಸ್ತ್ರೀರಿಗೆ ಹೇಳಿದ್ದೆ ಹೆಗ್ಡೇರೆ. ಓದಿದವ್ರಿಗಿಂತ ನಿಂಗೆ ಹೆಚ್ಚು ಗೊತ್ತನಾ ಅಂದ್ರು. ಅದ್ಕೆ ಸುಮ್ಗಾದೆ. ಪಟ್ಟಿ ಕಾಗದಕ್ಕೆ, ಹುರಿ ಬೀಮಿಗೆ ಅಂದ್ಕಂಡೆ." ಹುರಿಯ ಗಂಟು ಬಿಚ್ಚುತ್ತ ಹೇಳಿದ, "ಕೇಳೂಕೆ ನೀವು ಒಂದ್ ಸಲನೂ ಬರ್ಲಿಲ್ಲ."

ಆರು ವರ್ಷ ತನ್ನ ಪಟ್ಟಿಗೆ ದೂರು ಬಾರದ್ದು ಏಕೆಂದು ಆ ಅಂಗಳದಲ್ಲಿ ಹೆಗಡೆಗೆ ತಿಳಿಯಿತು. ಅವನ ಹೆಮ್ಮೆಯನ್ನು ಅಷ್ಟು ವರ್ಷ ಸುಮ್ಮನೆ ಹೊತ್ತವನು ಎದುರಿಗೇ ಕೂತಿದ್ದ, ಅದಕ್ಕೆ ಪ್ರತಿಯಾಗಿ ಕಳ್ಳನೆನಿಸಿಕೊಂಡು. ಈವರೆಗಿನ ಯಾವ ಯಾವ ಕಟ್ಟಡದ ಸರಳು ನೀನು ಮಡಚಿದ್ದು ಎಂದು ಹೆಗಡೆ ಕೇಳಿದ. ಸುಕ್ರ ಬೆರಳು ಮಡಿಸುತ್ತ ಹೇಳಿದ. ಕಾಯ್ಕಿಣಿಯ ಶಾಲೆ, ಭಟ್ಕಳದ ಎರಡು ಅಂಗಡಿಸಾಲು, ಕುಮಟೆಯ ಧಕ್ಕೆಯ ಹತ್ತಿರದ ಗೋದಾಮು, ಹೀಗೆ ಹನ್ನೊಂದು. ಹೆಗಡೆಯ ಲೆಕ್ಕದಲ್ಲಿ ಹನ್ನೆರಡಿದ್ದವು. ಹೊನ್ನಾವರದ ಬಜಾರದ ಒಂದು ಮಾಳಿಗೆಯ ಕೆಲಸ ನಾಯ್ಕರದಲ್ಲ, ಅದರ ಸರಳು ಮಡಚಿದವರು ಯಾರೋ ಬೇರೆ.

ಹೊಸ ಕಾಗದ ಬರೆದು ಕೊಡುತ್ತೇನೆಂದ ಹೆಗಡೆ. ಸುಕ್ರ, ಆತು ಎಂದ. ಬಂಗಾರಿಗೆ ಅಷ್ಟು ಸಾಲಲಿಲ್ಲ.

"ಕಾಗದ ಬರ್ದು ಡಬ್ಬೀಲಿ ಇಟ್ಕಂಬೂಕೆ ಆತದ್ಯಾ? ಮೊದಲ್ನೇದನ್ನ ಎಲ್ಲಿ ಓದಿದ್ರೋ ಇದನ್ನೂ ಅಲ್ಲೇ ಓದ್ಲಿ. ಮೇಸ್ತ್ರಿ ಅಲ್ಲ, ಬರ್ದವ್ರೇ ಓದ್ಲಿ" ಎಂದಳು.

ಚಾ ಅಂಗಡಿಯಲ್ಲಿ ಗದ್ದೆಗೆ ಹೋಗುವವರು, ಬಸ್ಸಿಗೆ ಕಾಯುವವರು, ಹತ್ತು ಹನ್ನೆರಡು ಜನ ಇದ್ದರು. ಹೆಗಡೆ ಅಲ್ಲೇ ಬೆಂಚಿನ ಮೇಲೆ ಕೂತು ಬರೆದ. ಎದ್ದು ನಿಂತು ಓದುವಾಗ ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. ಓರೆ ಎಂದರೇನು, ಎತ್ತರ ಎಂದರೇನು ಎಂದು ಯಾರಿಗೂ ವಿವರಿಸಬೇಕಾಗಿ ಬರಲಿಲ್ಲ. ಅಟ್ಟಕ್ಕೆ ಏಣಿ ಚಾಚಿದವರೇ ಎಲ್ಲರೂ. ಮುದುಕನೊಬ್ಬ, ಅಷ್ಟು ಓದಿದವ್ರಿಗೂ ಇದು ತಪ್ಪತದ್ಯಾ ಎಂದು ಪಕ್ಕದವನನ್ನು ಮೆಲ್ಲಗೆ ಕೇಳಿದ. ಹೆಗಡೆಗೆ ಅದು ಕೇಳಿಸಿತು. ಆದರೂ ಕೊನೆಯ ಸಾಲಿನವರೆಗೆ ಓದಿದ: ಸುಕ್ರನು ಒಂದು ತುಂಡನ್ನೂ ಒಯ್ದಿಲ್ಲ, ಅವನು ಕಡಿದ ಉದ್ದವೇ ಸರಿ. ಸುಕ್ರ ಅಂಗಡಿಯ ಒಳಗೆ ಬರಲಿಲ್ಲ. ರಸ್ತೆಯ ಆಚೆ ನಿಂತು ಕೇಳಿ, ಮುಗಿದ ಮೇಲೆ ಬಂದು ಕಾಗದ ತೆಗೆದುಕೊಂಡು ಮಡಚಿ ಟೊಂಕಕ್ಕೆ ಸಿಕ್ಕಿಸಿದ.

ಶಾನಭಾಗರು ಮಧ್ಯಾಹ್ನದ ಬಸ್ಸಿಗೆ ಬಂದರು. ಮೇಲೆ ಹತ್ತಿ ಅಳೆದು, ಕೆಳಗಿಳಿದು ತುಂಡುಗಳ ರಾಶಿ ನೋಡಿದರು. ಆಮೇಲೆ, ಪಟ್ಟಿಯ ಕೆಳಗೆ ಪರಿಶೀಲಿಸಿದೆ ಎಂದು ಬರೆದು ರುಜು ಹಾಕಿದ್ದು ತಾನು, ಒಂದು ಸಲವೂ ಕೂಡಿಸಿ ನೋಡಿರಲಿಲ್ಲ, ಎಂದರು. ಪ್ರತಿ ನಡುಗಂಬದ ಮೇಲೆ ಎರಡೂ ಕಡೆ ಕೊಕ್ಕೆಯಿರುವ ಒಂಬತ್ತು ಅಡಿಯ ಮೂರು ನೇರ ಸರಳು ಹೆಚ್ಚು ಹಾಕಬೇಕೆಂದು ತೀರ್ಮಾನವಾಯಿತು. ಅಷ್ಟು ಕಬ್ಬಿಣಕ್ಕೆ ಹೊಸ ಪರವಾನಗಿ ಬೇಕು. ಅದು ಬರುವುದರೊಳಗೆ ಮಳೆ ಬಂತು. ಇಡೀ ಮಳೆಗಾಲ ಕಟ್ಟಿದ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಬಿಚ್ಚಿ ಒಳಗಿಡಬೇಕಾಯಿತು. ಪೊಲೀಸರ ಮಾತು ಅಲ್ಲಿಗೇ ನಿಂತಿತು. ನಾಯ್ಕರು ಸಿಕ್ಕಲ್ಲೆಲ್ಲ ಬೈದರು. ಆದರೂ ನವರಾತ್ರಿ ಕಳೆದು ಕಾಂಕ್ರೀಟು ಹಾಕುವಾಗ ಸರಳು ಕಟ್ಟಲು ಸುಕ್ರನನ್ನೇ ಕರೆದರು. ಸುಕ್ರ ಹೋಗಲಿಲ್ಲ. ಬೇರೆ ಗುತ್ತಿಗೆದಾರರ ಹತ್ತಿರ ಸೇರಿದ್ದ, ಅಲ್ಲೇ ಉಳಿದ.

ಹೆಗಡೆಯ ಕೆಲಸ ಹೋಗಲಿಲ್ಲ. ಹೋಗುತ್ತದೆಂದೇ ಎಣಿಸಿ, ತೆಂಗಿನಗುಂಡಿಯಿಂದ ಮನೆಗೆ ಬಂದ ದಿನ ಹೆಂಡತಿ ಮಾದೇವಿಗೆ, "ತಪ್ಪು ನಂದೇ ಇದ್ದು" ಎಂದು ಎಲ್ಲ ಹೇಳಿದ್ದ. ಅವಳು ಹೆಚ್ಚು ಕೇಳದೆ ಊಟಕ್ಕೆ ಬಡಿಸಿದ್ದಳು. ಶಾನಭಾಗರು ಒಂದು ನಿಯಮ ಮಾಡಿದರು. ಇನ್ನು ಮುಂದೆ ಪಟ್ಟಿ ಹೊರಗೆ ಹೋಗುವ ಮೊದಲು ಹೆಗಡೆ ಕೆಲಸದ ಜಾಗಕ್ಕೆ ಹೋಗಿ, ಸರಳು ಮಡಚುವವನ ಎದುರು ಕೂತು ಒಂದೊಂದು ಗುರುತನ್ನೂ ಓದಿ ಹೇಳಬೇಕು, ಅವನು ಬೇರೆ ಏನಾದರೂ ಹೇಳಿದರೆ ಬರೆದುಕೊಂಡು ಬರಬೇಕು. ಹಾಗೆ ಕೂತ ಕಡೆ ಎರಡು ಸಲ ಸುಕ್ರನೂ ಸಿಕ್ಕಿದ. ಹೆಚ್ಚು ಮಾತಾಡಲಿಲ್ಲ. ಒಂದು ಸಲ ಮಾತ್ರ, ಈ ಕಂಬದಲ್ಲಿ ಎರಡು ಬೀಮಿನ ಸರಳೂ ಒಂದೇ ಮಟ್ಟದಲ್ಲಿ ಬಂದು ಡಿಕ್ಕಿ ಹೊಡೆಯುತ್ತವೆ, ಒಂದನ್ನು ಇಂಚಿನಷ್ಟು ಕೆಳಗಿಡಿ, ಎಂದ. ಹೆಗಡೆ ನಕ್ಷೆಯಲ್ಲಿ ತಿದ್ದಿದ.

ಉಳಿದದ್ದು ಹೊನ್ನಾವರದ ಆ ಹನ್ನೆರಡನೆಯ ಕಟ್ಟಡ. ಶಾನಭಾಗರೂ ಹೆಗಡೆಯೂ ಹೋಗಿ ನೋಡಿದಾಗ ಮಾಳಿಗೆಯ ನೆಲದಲ್ಲಿ, ನಡುಗಂಬದಿಂದ ಒಂದು ಹೆಜ್ಜೆಯಾಚೆ, ಗಿಡ್ಡ ಸರಳು ಮುಗಿಯುವಲ್ಲಿ, ಕೂದಲೆಳೆಯಂಥ ಒಂದು ಬಿರುಕು ಕಂಡಿತು. ಮೇಲೆ ಇಟ್ಟಿದ್ದ ಅಕ್ಕಿಮೂಟೆಗಳನ್ನು ಕೆಳಗಿಳಿಸಲು ಅಂಗಡಿಯವರನ್ನು ಒಪ್ಪಿಸಿ, ಬಿರುಕಿಗೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿದರು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಒಡೆದರೆ ಕೆಳಗೆ ಕಂಬ ಕೊಡಬೇಕು.

ಹೆಗಡೆ ಪ್ರತಿ ತಿಂಗಳೂ ತಾರಿಗೆ ಹೋಗುವ ದಾರಿಯಲ್ಲಿ ಆ ಮಾಳಿಗೆ ಹತ್ತುತ್ತಿದ್ದ. ಅಂಗಡಿಯವರು ಅವನಿಗೆ ಮೊದಮೊದಲು ಕುರ್ಚಿ ಕೊಡುತ್ತಿದ್ದರು, ಆಮೇಲೆ ರೂಢಿಯಾಗಿ ತಲೆಯನ್ನೂ ಎತ್ತುತ್ತಿರಲಿಲ್ಲ. ಅವನು ಮೊಣಕಾಲೂರಿ, ಗಾಜಿನ ಮೇಲಿನ ಧೂಳನ್ನು ಪಂಚೆಯ ತುದಿಯಿಂದ ಒರೆಸಿ, ಬೆಳಕಿಗೆ ಓರೆಯಾಗಿ ಬಗ್ಗಿ ನೋಡುವನು. ಎರಡು ಮಳೆಗಾಲ ಕಳೆದವು. ಗಾಜು ಒಡೆದಿರಲಿಲ್ಲ. ಇನ್ನು ಹೋಗಬೇಕಾಗಿಲ್ಲ ಎಂದು ಶಾನಭಾಗರು ಹೇಳಿದ ಮೇಲೂ ಅವನು ಹೋಗುವುದನ್ನು ಬಿಡಲಿಲ್ಲ.